‘ಆಫ್ಟರ್ ರವಿವರ್ಮ’ ಎಂದರೆ ರವಿವರ್ಮರ ನಂತರ ಎಂದಲ್ಲ

ಪ್ರಶ್ನೆ: ನಾನು ಮೈಸೂರಿನವನು, ಹನ್ನೆರಡು ವರ್ಷಗಳಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಇಲ್ಲಿನ ಒಂದು ಸಣ್ಣ ಹರಾಜು ಸಂಸ್ಥೆಯ ಕ್ಯಾಟಲಾಗ್‌ನಲ್ಲಿ ಮೂರು ಚಿತ್ರಗಳನ್ನು ನೋಡಿದೆ. ಮೊದಲನೆಯದು ‘ಅಟ್ರಿಬ್ಯೂಟೆಡ್ ಟು ರಾಜಾ ರವಿವರ್ಮ (1848–1906)’, ಸೀರೆ ಉಟ್ಟ ಹೆಂಗಸು, ಅಂದಾಜು 8,000ದಿಂದ 12,000 ಪೌಂಡ್. ಎರಡನೆಯದು ‘ಆಫ್ಟರ್ ರಾಜಾ ರವಿವರ್ಮ’, ಲಕ್ಷ್ಮಿ, ತೈಲವರ್ಣ, 71×51 ಸೆಂ.ಮೀ., ‘ಬೇರ್ಸ್ ಸಿಗ್ನೇಚರ್’, ಅಂದಾಜು 400ರಿಂದ 600 ಪೌಂಡ್. ಮೂರನೆಯದು ‘ಇನ್ ದ ಸ್ಟೈಲ್ ಆಫ್ ರಾಜಾ ರವಿವರ್ಮ’, ವೀಣೆ ಹಿಡಿದ ಯುವತಿ, 300 ಪೌಂಡ್. ಆಫ್ಟರ್ ಎಂದರೆ ಅವರ ನಂತರ ಬಂದ ಶಿಷ್ಯರು ಬರೆದದ್ದೇ? ಎರಡನೆಯದರಲ್ಲಿ ಸಹಿಯೇ ಇರುವಾಗ ಅದು ಅವರದಲ್ಲ ಎನ್ನುವುದು ಹೇಗೆ? ಮೊದಲನೆಯದನ್ನು ಕೊಂಡು, ಆಮೇಲೆ ಅವರದಲ್ಲ ಎಂದು ಗೊತ್ತಾದರೆ ದುಡ್ಡು ವಾಪಸ್ ಬರುತ್ತದೆಯೇ? ಕೊನೆಗೆ ಚಿತ್ರವನ್ನು ಮೈಸೂರಿನ ಮನೆಗೆ ತರುವ ಆಸೆ.

ಉತ್ತರ: ‘ಆಫ್ಟರ್’ ಪದದಿಂದ ಶುರು ಮಾಡೋಣ, ಹೆಚ್ಚು ಜನ ಎಡವುವುದು ಅಲ್ಲೇ. ಅದಕ್ಕೂ ಕಾಲಕ್ಕೂ ಸಂಬಂಧವಿಲ್ಲ. ರವಿವರ್ಮರ ಒಂದು ನಿರ್ದಿಷ್ಟ ಚಿತ್ರವನ್ನು ಮುಂದಿಟ್ಟುಕೊಂಡು ಬೇರೊಬ್ಬರು ಮಾಡಿದ ನಕಲು ಎಂಬುದಷ್ಟೇ ಅದರ ಅರ್ಥ. ನಕಲು ಮಾಡಿದವರು ಶಿಷ್ಯರೇ ಆಗಿರಬೇಕಿಲ್ಲ, ರವಿವರ್ಮರನ್ನು ಕಂಡವರೂ ಆಗಿರಬೇಕಿಲ್ಲ. 1895ರಲ್ಲಿ ಬರೆದಿರಬಹುದು, 1995ರಲ್ಲೂ ಬರೆದಿರಬಹುದು. ಕ್ರಿಸ್ಟೀಸ್ ಹರಾಜು ಸಂಸ್ಥೆ ತನ್ನ ಕ್ಯಾಟಲಾಗಿನ ಪದವಿವರಣೆಯಲ್ಲಿ ಇದನ್ನು ಯಾವುದೇ ಕಾಲದ ನಕಲು ಎಂದೇ ಬಿಡಿಸಿ ಹೇಳುತ್ತದೆ. ಹೆಸರಿನ ಪಕ್ಕ ಆವರಣದಲ್ಲಿರುವ 1848–1906 ಕೂಡ ಕಲಾವಿದರು ಹುಟ್ಟಿದ ಮತ್ತು ತೀರಿಕೊಂಡ ವರ್ಷಗಳು. ಅವು ಚಿತ್ರದ ವಯಸ್ಸನ್ನು ಹೇಳುವುದಿಲ್ಲ, ಆದರೆ ಓದುವಾಗ ಹಾಗೆ ಅನ್ನಿಸಿಬಿಡುತ್ತದೆ.

ಈ ಪದಗಳನ್ನೆಲ್ಲ ಒಂದು ಏಣಿಯ ಮೆಟ್ಟಿಲುಗಳಂತೆ ಓದಬೇಕು. ಮೇಲಿನ ಮೆಟ್ಟಿಲಲ್ಲಿ ಕಲಾವಿದರ ಹೆಸರು ಮಾತ್ರ ಇರುತ್ತದೆ, ಹಿಂದೆ ಮುಂದೆ ಏನೂ ಇಲ್ಲ. ಇದು ಅವರೇ ಬರೆದದ್ದು ಎಂದು ಸಂಸ್ಥೆ ಹೇಳುತ್ತಿದೆ ಎಂದರ್ಥ. ಅದರ ಕೆಳಗಿನದು ‘ಅಟ್ರಿಬ್ಯೂಟೆಡ್ ಟು’: ಪೂರ್ತಿಯಾಗಿಯೋ ಭಾಗಶಃವೋ ಬಹುಶಃ ಅವರದೇ ಎಂಬುದು ನಮ್ಮ ಅಭಿಪ್ರಾಯ. ಆಮೇಲೆ ‘ಸ್ಟುಡಿಯೋ ಆಫ್’, ಅವರ ಕೆಲಸದ ಮನೆಯಲ್ಲಿ, ಪ್ರಾಯಶಃ ಅವರ ಕಣ್ಣಳತೆಯಲ್ಲಿ ಆದದ್ದು. ‘ಸರ್ಕಲ್ ಆಫ್’ ಎಂದರೆ ಅದೇ ಕಾಲದ, ಅವರ ಪ್ರಭಾವ ಕಾಣುವ ಬೇರೆ ಕೈ. ‘ಫಾಲೋವರ್ ಆಫ್’ ಎಂದರೆ ಅವರ ಶೈಲಿ ಹಿಡಿದವರು, ಶಿಷ್ಯರೇ ಆಗಿರಬೇಕೆಂದಿಲ್ಲ. ‘ಮ್ಯಾನರ್ ಆಫ್’ ಎಂದರೆ ಶೈಲಿ ಅದೇ, ಕಾಲ ಮಾತ್ರ ಈಚಿನದು. ನಿಮ್ಮ ಮೂರನೆಯ ಚಿತ್ರದ ‘ಇನ್ ದ ಸ್ಟೈಲ್ ಆಫ್’ ಎಂಬುದು ಈ ಕೊನೆಯದಕ್ಕೆ ಹತ್ತಿರದ ಮಾತು. ಸಣ್ಣ ಸಂಸ್ಥೆಗಳು ಅದನ್ನು ಸಡಿಲವಾಗಿ ಬಳಸುತ್ತವೆ. ‘ಆಫ್ಟರ್’ ಈ ಏಣಿಯ ಕೊನೆಯಲ್ಲಿ ಸ್ವಲ್ಪ ಪಕ್ಕಕ್ಕೆ ನಿಲ್ಲುತ್ತದೆ, ಏಕೆಂದರೆ ಅದು ಶೈಲಿಯ ಮಾತಲ್ಲ, ನಕಲಿನ ಮಾತು.

ಇವು ದೊಡ್ಡ ಸಂಸ್ಥೆಗಳು ಬರೆದಿಟ್ಟುಕೊಂಡ ಅರ್ಥಗಳು. ಕಾನೂನಿನಲ್ಲಿ ಎಲ್ಲರಿಗೂ ಒಂದೇ ನಿಘಂಟು ಇಲ್ಲ. ಹಾಗಾಗಿ ನಿಮ್ಮ ಸಂಸ್ಥೆಯ ಕ್ಯಾಟಲಾಗಿನ ಕೊನೆಯಲ್ಲಿ, ಅಥವಾ ಷರತ್ತುಗಳ ನಡುವೆ, ಅವರದೇ ಪದವಿವರಣೆ ಇದೆಯೇ ಎಂದು ಮೊದಲು ಹುಡುಕಿ. ಅದು ಇಲ್ಲದಿದ್ದರೆ ‘ಅಟ್ರಿಬ್ಯೂಟೆಡ್’ ಎಂಬ ಮಾತಿಗೆ ತೂಕ ತೀರಾ ಕಡಿಮೆ. ತಜ್ಞರು ಹೇಳಿದ್ದೋ, ಚಿತ್ರ ತಂದುಕೊಟ್ಟ ಮನೆಯವರು ಹೇಳಿದ್ದೋ ಎಂಬುದು ಕೂಡ ತಿಳಿಯುವುದಿಲ್ಲ. ಇನ್ನೊಂದು ಮಾತು. ಹಳೆಯ ಬ್ರಿಟಿಷ್ ಕ್ಯಾಟಲಾಗ್‌ಗಳಲ್ಲಿ ಈ ಪದಗಳ ಬದಲು ಹೆಸರು ಬರೆಯುವ ರೀತಿಯಲ್ಲೇ ಗುಟ್ಟಿರುತ್ತಿತ್ತು. ಪೂರ್ತಿ ಹೆಸರಿದ್ದರೆ ಅವರದೇ ಕೃತಿ, ಇನಿಷಿಯಲ್ ಮತ್ತು ಉಪನಾಮ ಇದ್ದರೆ ಆ ಕಾಲದ್ದು, ಅವರದಿರಬಹುದು, ಬರೀ ಉಪನಾಮ ಇದ್ದರೆ ಅನುಯಾಯಿಯದು. ಚಿತ್ರದ ಹಿಂದೆ ಹಳೆಯ ಹರಾಜಿನ ಚೀಟಿ ಅಂಟಿಸಿದ್ದು, ಅದರಲ್ಲಿ ರವಿವರ್ಮ ಎಂಬ ಹೆಸರು ಕಂಡರೆ ಕೂಡಲೇ ಹಿಗ್ಗಬೇಡಿ. ಹೆಸರು ಹೇಗೆ ಬರೆದಿದೆ ಎಂದು ನೋಡಿ.

ಈಗ ದುಡ್ಡಿನ ಪ್ರಶ್ನೆ. ಕ್ರಿಸ್ಟೀಸ್‌ನಂಥ ಸಂಸ್ಥೆಗಳು ಮಾರಾಟದ ದಿನದಿಂದ ಐದು ವರ್ಷ ಅಸಲಿತನದ ಖಾತ್ರಿ ಕೊಡುತ್ತವೆ. ಆದರೆ ಆ ಖಾತ್ರಿ ಇರುವುದು ಕ್ಯಾಟಲಾಗಿನ ಶೀರ್ಷಿಕೆಯ ಸಾಲಿಗೆ ಮಾತ್ರ. ಕೆಳಗಿನ ಪ್ಯಾರಾದಲ್ಲಿ ಎಷ್ಟೇ ಸೊಗಸಾದ ಕಥೆ ಬರೆದಿರಲಿ, ಅದಕ್ಕೆ ಖಾತ್ರಿ ಇಲ್ಲ. ಶೀರ್ಷಿಕೆಯಲ್ಲೇ ‘ಅಟ್ರಿಬ್ಯೂಟೆಡ್ ಟು’ ಎಂಬಂಥ ಪದ ಬಂದರೆ ಆ ಹೆಸರಿಗೆ ಖಾತ್ರಿಯೇ ಇಲ್ಲ ಎಂದು ಷರತ್ತಿನಲ್ಲಿ ಉದಾಹರಣೆ ಸಹಿತ ಬರೆದಿರುತ್ತಾರೆ. ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಇರುವುದು ‘ಉದ್ದೇಶಪೂರ್ವಕ ಖೋಟಾ’ ಎಂಬ ಒಂದು ಷರತ್ತು. ಅದಕ್ಕೆ ಕೆಲವೇ ವಾರಗಳ ಗಡುವು. ಬಹುಶಃ ಎಂದು ಹೇಳಿಯೇ ಮಾರಿದ ವಸ್ತು ಆ ಷರತ್ತಿನೊಳಕ್ಕೆ ಬರುವುದು ಬಹಳ ಕಷ್ಟ. ಆದ್ದರಿಂದ ಮೊದಲನೆಯ ಚಿತ್ರ ಮುಂದೆ ರವಿವರ್ಮರದಲ್ಲ ಎಂದು ತೀರ್ಮಾನವಾದರೆ ನಿಮ್ಮ ದುಡ್ಡು ವಾಪಸ್ ಬರುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೇ ಕೈ ಎತ್ತಬೇಕು.

ಆ ಲೆಕ್ಕ ಎಷ್ಟು ದೊಡ್ಡದು ಎಂಬುದನ್ನೂ ನೋಡಿ. ಸುತ್ತಿಗೆ 8,000 ಪೌಂಡಿಗೆ ಬಿತ್ತು ಎಂದುಕೊಳ್ಳೋಣ. ಕೊಳ್ಳುವವರಿಂದ ಸಂಸ್ಥೆ ಪಡೆಯುವ ಕಮಿಷನ್ 26% ಇದ್ದರೆ ಅದು 2,080 ಪೌಂಡ್. ಆ ಕಮಿಷನ್ ಮೇಲೆ 20% ವ್ಯಾಟ್ ಎಂದರೆ ಇನ್ನೊಂದು 416. ಒಟ್ಟು 10,496 ಪೌಂಡ್, ಸಾಗಾಟ ಮತ್ತು ವಿಮೆ ಬೇರೆ. ಕಮಿಷನ್ ದರ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದ್ದರಿಂದ ನಿಮ್ಮ ಕ್ಯಾಟಲಾಗಿನ ದರ ಹಾಕಿ ಇದೇ ಲೆಕ್ಕ ಮತ್ತೊಮ್ಮೆ ಮಾಡಿ.

ಬೆಲೆಯ ಅಂದಾಜು ಕೂಡ ಒಂದು ಅಭಿಪ್ರಾಯವೇ. ಪದಕ್ಕಿಂತ ಹೆಚ್ಚು ಪ್ರಾಮಾಣಿಕವಾದ ಅಭಿಪ್ರಾಯ ಎಂದರೂ ತಪ್ಪಿಲ್ಲ. ರವಿವರ್ಮರ ‘ಯಶೋದಾ ಕೃಷ್ಣ’ 2023ರಲ್ಲಿ ಮುಂಬಯಿಯ ಪುಂಡೋಲೆ ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಹೋಯಿತು. ಅದು ಆಗಿನ ಶಿಖರದ ಬೆಲೆ, ಎಲ್ಲ ಚಿತ್ರಕ್ಕೂ ಅಷ್ಟು ಬರುವುದಿಲ್ಲ ನಿಜ. ಆದರೂ ಸಂಸ್ಥೆಯವರಿಗೆ ನಿಮ್ಮ ಮೊದಲನೆಯ ಚಿತ್ರ ಅವರದೇ ಎಂಬ ನಂಬಿಕೆ ಗಟ್ಟಿಯಾಗಿ ಇದ್ದಿದ್ದರೆ ಹತ್ತು-ಹದಿನಾಲ್ಕು ಲಕ್ಷ ರೂಪಾಯಿಯ ಅಂದಾಜು ಹಾಕಿ ಊರಿನ ಹರಾಜಿನಲ್ಲಿ ಇಡುತ್ತಿರಲಿಲ್ಲ. ಲಂಡನ್‌ಗೋ ಮುಂಬಯಿಗೋ ಕಳುಹಿಸುತ್ತಿದ್ದರು. ಬಹುಶಃ ಎಂಬ ಪದದಲ್ಲಿ ಎಷ್ಟು ಪಾಲು ಹೌದು, ಎಷ್ಟು ಪಾಲು ಅಲ್ಲ ಎಂಬುದು ಅಂದಾಜಿನ ಅಂಕಿಯಲ್ಲಿ ಕಾಣುತ್ತದೆ.

ಸಹಿಯ ವಿಚಾರಕ್ಕೆ ಬರೋಣ. ಕ್ಯಾಟಲಾಗಿನಲ್ಲಿ ‘ಸೈನ್ಡ್’ ಎಂಬುದೂ ‘ಬೇರ್ಸ್ ಸಿಗ್ನೇಚರ್’ ಎಂಬುದೂ ಒಂದೇ ಅಲ್ಲ. ‘ಸೈನ್ಡ್’ ಎಂದರೆ ಕಲಾವಿದರೇ ಹಾಕಿದ ಸಹಿ ಎಂಬ ಅಭಿಪ್ರಾಯ. ‘ಬೇರ್ಸ್ ಸಿಗ್ನೇಚರ್’ ಅಥವಾ ‘ವಿತ್ ಸಿಗ್ನೇಚರ್’ ಎಂದರೆ ಸಹಿ ಇದೆ, ಆದರೆ ಅದು ಬೇರೆ ಕೈಯದು ಎಂದು ಸಂಸ್ಥೆಗೆ ಅನಿಸಿದೆ. ಅಂದರೆ ನೀವು ಅಸಲಿಗೆ ಸಾಕ್ಷಿ ಎಂದುಕೊಂಡ ಮಾತಿನಲ್ಲೇ ಸಂಸ್ಥೆ ಅದನ್ನು ಅಲ್ಲಗಳೆದಿದೆ. ಹಾಗೆಂದು ಆ ಸಹಿ ಮೋಸಕ್ಕೇ ಹಾಕಿದ್ದು ಎಂದೂ ಹೇಳಲಾಗದು. ರವಿವರ್ಮರ ಮಟ್ಟಿಗೆ ಇದಕ್ಕೊಂದು ಸಹಜ ಕಾರಣವಿದೆ. ಅವರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು. ಅದು ಆಮೇಲೆ ಲೋನಾವಳದ ಬಳಿಗೆ ಹೋಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ದೇಶದ ಮೂಲೆಮೂಲೆಗೂ ತಲುಪಿದರು. ಅನೇಕ ಮುದ್ರಣಗಳಲ್ಲಿ ಚಿತ್ರದೊಳಗೇ ಸಹಿಯೂ ಅಚ್ಚಾಗಿರುತ್ತದೆ. ಬೋರ್ಡ್ ಬರೆಯುವ ಕಲಾವಿದರೊಬ್ಬರು ಮನೆಯ ಗೋಡೆಯ ಮುದ್ರಣ ನೋಡಿ ಬಣ್ಣದಲ್ಲಿ ಬರೆದರೆ, ತಾವರೆ ಬರೆದಂತೆ ಸಹಿಯನ್ನೂ ಬರೆದುಬಿಡುತ್ತಾರೆ. ಅವರ ಕಣ್ಣಿಗೆ ಅದೂ ಚಿತ್ರದ ಭಾಗ.

ನಿಮ್ಮ ಎರಡನೆಯ ಚಿತ್ರದಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ, ಅದರ ಅಳತೆ. 71×51 ಸೆಂ.ಮೀ. ಎಂದರೆ 28×20 ಇಂಚು. ರವಿವರ್ಮ ಪ್ರೆಸ್ಸಿನ ದೊಡ್ಡ ಮುದ್ರಣಗಳ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಕಾಕತಾಳೀಯವಾಗಿರಬಹುದು. ಆದರೆ ಎರಡು ಸಾಧ್ಯತೆಗಳನ್ನು ಪರೀಕ್ಷಿಸದೆ ಬಿಡಬಾರದು. ಒಂದು, ಮುದ್ರಣವನ್ನು ಅದೇ ಗಾತ್ರದಲ್ಲಿ ನೋಡಿ ಬರೆದ ತೈಲಚಿತ್ರ. ಇನ್ನೊಂದು, ಮುದ್ರಣವನ್ನೇ ಕ್ಯಾನ್ವಾಸ್ ಮೇಲೆ ಅಂಟಿಸಿ, ಮೇಲೆ ಅಲ್ಲಲ್ಲಿ ಬಣ್ಣ ಹಚ್ಚಿ ವಾರ್ನಿಷ್ ಬಳಿದದ್ದು. ಅವಸರದಲ್ಲಿ ಪಟ್ಟಿ ಬರೆಯುವವರು ಎರಡನೆಯದನ್ನೂ ತೈಲವರ್ಣ ಎಂದು ದಾಖಲಿಸುವುದುಂಟು.

ಇದನ್ನು ಬೇರ್ಪಡಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ ಸಾಕು. ವೀಕ್ಷಣೆಯ ದಿನ ಹೋಗಿ ಲಕ್ಷ್ಮಿಯ ಕೆನ್ನೆ ಅಥವಾ ಕೈಯ ಮೇಲೆ ಹಿಡಿದು ನೋಡಿ. ಮೈಬಣ್ಣ ನಯವಾಗಿ ನೆರಳಿಗೆ ತಿರುಗುವ ಜಾಗ ಬೇಕು, ಏಕೆಂದರೆ ಗುಟ್ಟು ಬಿಚ್ಚುವುದು ಅಲ್ಲೇ. ಬಣ್ಣದಲ್ಲಿ ಬರೆದಿದ್ದರೆ ಕುಂಚದ ಎಳೆಗಳು ಕಾಣುತ್ತವೆ, ಒಂದು ಬಣ್ಣ ಇನ್ನೊಂದರೊಳಗೆ ಕಲೆಸಿರುತ್ತದೆ. ಕಲ್ಲಚ್ಚಿನ ಹಳೆಯ ಮುದ್ರಣವಾದರೆ ಬೇರೆ ಬೇರೆ ಬಣ್ಣದ, ಗಾತ್ರ ಒಂದೇ ಸಮ ಇಲ್ಲದ ಸಣ್ಣ ಚುಕ್ಕಿಗಳು ಎರಚಿದಂತೆ ಕಾಣುತ್ತವೆ. ಚುಕ್ಕಿಗಳು ಗೆರೆ ಹಾಕಿದಂತೆ ಕ್ರಮವಾಗಿ, ಹೂವಿನ ಎಸಳಿನ ಆಕಾರದಲ್ಲಿ ಕೂತಿದ್ದರೆ ಅದು ಆಮೇಲಿನ ಆಫ್‌ಸೆಟ್ ಮುದ್ರಣ, ಅದಕ್ಕೆ ಹಳೆಯ ವಸ್ತುವಿನ ಬೆಲೆ ಇಲ್ಲ. ಮೇಲ್ಮೈಯಲ್ಲಿ ಕ್ಯಾನ್ವಾಸಿನ ನೇಯ್ಗೆ ಕಂಡರೂ ಮೋಸ ಹೋಗಬೇಡಿ, ಅಚ್ಚಾದ ಕಾಗದದ ಮೇಲೆ ಆ ವಿನ್ಯಾಸವನ್ನು ಒತ್ತುವ ಪದ್ಧತಿ ಇತ್ತು. ಚಿತ್ರವನ್ನು ಚೌಕಟ್ಟಿನಿಂದ ತೆಗೆಸಿ ಅಂಚು ನೋಡಿದರೆ ಕಾಗದದ ಪದರ ಇದೆಯೇ ಎಂಬುದು ತಾನಾಗಿ ತಿಳಿಯುತ್ತದೆ. ಕೆಳಗಿನ ಅಂಚು ಕತ್ತರಿಸದೆ ಉಳಿದಿದ್ದರೆ ಪ್ರೆಸ್ಸಿನ ಹೆಸರೂ ಸಿಗಬಹುದು.

ಅದು ಪ್ರೆಸ್ಸಿನ ಕಾಲದ ಮುದ್ರಣವೇ ಆಗಿದ್ದರೆ ಬೇಸರ ಪಡಬೇಕಿಲ್ಲ. ಅಂಥವನ್ನು ಹುಡುಕಿ ಕೊಳ್ಳುವ ಸಂಗ್ರಹಕಾರರಿದ್ದಾರೆ. ಆದರೆ ಅದನ್ನು ಮುದ್ರಣದ ಬೆಲೆಗೆ ಕೊಳ್ಳಬೇಕು, ಮೇಲೆ ಬಣ್ಣ ಹಚ್ಚಿ ಕೆಡಿಸಿದ್ದರೆ ಇನ್ನೂ ಇಳಿಸಿ. ಕೈಯಿಂದ ಬರೆದ ಹಳೆಯ ನಕಲಾಗಿದ್ದರೆ ಪ್ರಶ್ನೆ ಸರಳವಾಗುತ್ತದೆ: ಸಹಿ ಇಲ್ಲದಿದ್ದರೂ ಈ ಚಿತ್ರಕ್ಕೆ ನೀವು ಇಷ್ಟು ಕೊಡುತ್ತಿದ್ದಿರೇ? ಹೌದಾದರೆ ಕೊಳ್ಳಿ. ಮೂರರಲ್ಲಿ ಏನು ಕೊಳ್ಳುತ್ತಿದ್ದೀರಿ ಎಂಬುದು ಸ್ಪಷ್ಟವಾಗಿ ತಿಳಿಯಬಹುದಾದದ್ದು ಇದೊಂದೇ.

ವೀಣೆಯ ಯುವತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರವಿವರ್ಮರ ಹೆಸರು ಅಲ್ಲಿ ಬಂದಿರುವುದು ಹುಡುಕುವವರ ಕಣ್ಣಿಗೆ ಬೀಳಲಿ ಎಂದು. ಗೋಡೆಗೆ ಚೆಂದ ಕಂಡರೆ ಅಲಂಕಾರದ ಬೆಲೆ ಕೊಡಿ.

ಮೊದಲನೆಯ ಚಿತ್ರಕ್ಕೆ ಕೈ ಹಾಕುವುದಾದರೆ ಹರಾಜಿಗೆ ಕನಿಷ್ಠ ಒಂದು ವಾರ ಮೊದಲು ಸಂಸ್ಥೆಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಫೋನಿನ ಮಾತು ಬೇಡ. ಇದು ರವಿವರ್ಮರದಿರಬಹುದು ಎಂದು ಹೇಳಿದವರು ಯಾರು, ಅವರು ಚಿತ್ರವನ್ನು ಎದುರಿಗೆ ನೋಡಿದ್ದಾರೆಯೇ, ಫೋಟೋದಲ್ಲೇ? ರವಿವರ್ಮರ ಬಗ್ಗೆ ಕೆಲಸ ಮಾಡಿದ ಯಾರಿಗಾದರೂ ತೋರಿಸಿದ್ದಾರೆಯೇ, ತೋರಿಸಿದ್ದರೆ ಅವರು ಏನಂದರು? ಈ ಎರಡನೆಯ ಪ್ರಶ್ನೆಗೆ ಉತ್ತರ ಜಾರಿದರೆ, ಒಬ್ಬರು ನೋಡಿ ಒಪ್ಪಲಿಲ್ಲ ಎಂದು ಊಹಿಸುವುದೇ ಕ್ಷೇಮ. ಚಿತ್ರ ಹಿಂದೆ ಬೇರೆಲ್ಲಾದರೂ ಹರಾಜಿಗೆ ಬಂದಿತ್ತೇ ಎಂಬುದನ್ನೂ ಕೇಳಿ, ಹಳೆಯ ಹರಾಜುಗಳ ಆನ್‌ಲೈನ್ ದಾಖಲೆಗಳಲ್ಲಿ ನೀವೇ ಅಳತೆ ಹಾಕಿ ಹುಡುಕಿ. ಮೂರು ವರ್ಷದ ಹಿಂದೆ ‘ಇಂಡಿಯನ್ ಸ್ಕೂಲ್, 19ನೇ ಶತಮಾನ’ ಎಂದು 600 ಪೌಂಡಿಗೆ ಹೋಗಿದ್ದ ಚಿತ್ರ, ನಡುವೆ ಹೊಸ ದಾಖಲೆ ಯಾವುದೂ ಸಿಗದೆ ಒಂದು ದೊಡ್ಡ ಹೆಸರಿನ ಕೆಳಗೆ ಬಂದು ಕೂತಿದ್ದರೆ, ಬದಲಾದದ್ದು ಮಾರುವವರ ಧೈರ್ಯ ಮಾತ್ರ.

ಕೈ ಬದಲಾದ ಇತಿಹಾಸದಲ್ಲಿ ‘ಒಂದು ಖಾಸಗಿ ಕುಟುಂಬದಿಂದ’ ಎಂಬ ಮಾತು ಏನನ್ನೂ ಹೇಳುವುದಿಲ್ಲ. ರವಿವರ್ಮರಿಗೆ ಚಿತ್ರ ಬರೆಸಿದವರು ತಿರುವಾಂಕೂರು, ಬರೋಡ, ಮೈಸೂರಿನಂಥ ಅರಮನೆಗಳವರು, ದೊಡ್ಡ ಅಧಿಕಾರಿಗಳು, ಶ್ರೀಮಂತ ಮನೆತನಗಳು. ಆ ಮನೆಗಳಲ್ಲೊಂದರಿಂದ ಇಂಗ್ಲೆಂಡಿಗೆ ಹೇಗೆ ಬಂತು ಎಂಬುದಕ್ಕೆ ಒಂದು ಪತ್ರ, ಒಂದು ರಸೀದಿ, ಗೋಡೆಯ ಮೇಲೆ ಈ ಚಿತ್ರ ಕಾಣುವ ಒಂದು ಹಳೆಯ ಫೋಟೋ ಇದ್ದರೂ ತೂಕ ಬರುತ್ತದೆ. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ತಮ್ಮ ಸಿ. ರಾಜರಾಜವರ್ಮರು 1905ರಲ್ಲಿ ತೀರಿಕೊಳ್ಳುವವರೆಗೂ ಅಣ್ಣನ ಜತೆಗೇ ಕೆಲಸ ಮಾಡುತ್ತಿದ್ದರು, ತಾವೂ ಪಳಗಿದ ಕಲಾವಿದರು. ತಂಗಿ ಮಂಗಳಾಬಾಯಿಯವರೂ ಚಿತ್ರ ಬರೆಯುತ್ತಿದ್ದರು. ಹೀಗಾಗಿ ಕಾಲ, ಕ್ಯಾನ್ವಾಸ್, ಬಣ್ಣ, ಮನೆ ಎಲ್ಲವೂ ಸರಿಹೊಂದಿದ ಮೇಲೂ ಕೈ ಯಾರದು ಎಂಬುದು ತೆರೆದೇ ಇರಬಹುದು. ‘ಪೂರ್ತಿಯಾಗಿಯೋ ಭಾಗಶಃವೋ’ ಎಂಬ ಮಾತಿಗೆ ಇಂಥ ಕಡೆ ನಿಜವಾದ ಅರ್ಥವಿದೆ.

ಪರೀಕ್ಷೆಗಳ ಬಗ್ಗೆ ಒಂದು ಮಾತು. ನೇರಳಾತೀತ ದೀಪದಡಿ ಹಳೆಯ ವಾರ್ನಿಷ್ ಹಸಿರಾಗಿ ಮಂಜು ಮಂಜಾಗಿ ಹೊಳೆಯುತ್ತದೆ, ಆಮೇಲೆ ಹಚ್ಚಿದ ಬಣ್ಣ ಅದರ ಮೇಲೆ ಕಪ್ಪು ಕಲೆಯಂತೆ ಕಾಣುತ್ತದೆ. ಸಹಿ ಹಾಗೆ ಕಪ್ಪಾಗಿ ತೇಲಿದರೆ ಅದು ವಾರ್ನಿಷ್ ಹಳತಾದ ಮೇಲೆ ಸೇರಿದ್ದು. ಅಂಥ ಫೋಟೋ ಕೇಳಿದರೆ ಅನೇಕ ಸಂಸ್ಥೆಗಳು ಕಳುಹಿಸುತ್ತವೆ. ಇನ್ನು ಬಣ್ಣದ ರಸಾಯನ. ಟೈಟೇನಿಯಂ ಬಿಳಿ ಕಲಾವಿದರ ಕೈಗೆ ಬಂದದ್ದು ಮೊದಲ ಮಹಾಯುದ್ಧದ ನಂತರ, ಥ್ಯಾಲೊ ನೀಲಿ 1930ರ ದಶಕದಲ್ಲಿ. ರವಿವರ್ಮರು ಹೋದದ್ದು 1906ರಲ್ಲಿ. ಮೂಲ ಪದರದಲ್ಲೇ ಇವು ಸಿಕ್ಕರೆ ಮಾತು ಅಲ್ಲಿಗೆ ಮುಗಿಯಿತು. ದುರಸ್ತಿ ಮಾಡಿದ ಜಾಗದಲ್ಲಿ ಮಾತ್ರ ಸಿಕ್ಕರೆ ಅದರಿಂದ ಏನೂ ಸಾಬೀತಾಗದು, ಆದ್ದರಿಂದ ಮಾದರಿ ಎಲ್ಲಿಂದ ತೆಗೆದರು ಎಂಬುದು ಮುಖ್ಯ. ಗಮನಿಸಿ, ಈ ಪರೀಕ್ಷೆಗಳು ಅಲ್ಲ ಎಂದು ಹೇಳಬಲ್ಲವು. ಹೌದು, ರವಿವರ್ಮರೇ ಎಂದು ಹೇಳಲಾರವು. ಅದೇ ಬಣ್ಣ ಅದೇ ಅಂಗಡಿಯಲ್ಲಿ ಎಲ್ಲರಿಗೂ ಸಿಗುತ್ತಿತ್ತು.

ಇಷ್ಟು ಕೇಳಿಯೂ, ಕೆಳಗಿನ ಮೆಟ್ಟಿಲಲ್ಲಿ ಕೊಂಡದ್ದು ಮೇಲಕ್ಕೆ ಏರಿದ ಉದಾಹರಣೆಗಳಿಲ್ಲವೇ ಎಂಬ ಆಸೆ ಇದ್ದೇ ಇರುತ್ತದೆ. ಇವೆ. ಸಾಲ್ಸ್‌ಬರಿ ಕ್ಯಾಥೆಡ್ರಲ್‌ನ ಒಂದು ತೈಲ ರೇಖಾಚಿತ್ರ 2013ರಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಇಂಗ್ಲಿಷ್ ಕಲಾವಿದ ಜಾನ್ ಕಾನ್‌ಸ್ಟಬಲ್‌ರ ಅನುಯಾಯಿಯದು ಎಂದು 3,500 ಪೌಂಡಿಗೆ ಹೋಯಿತು. ಯಾರೋ ಆಮೇಲೆ ಅದರ ಮೇಲೆ ದಪ್ಪ ಗಾಢ ಬಣ್ಣ ಬಳಿದು ‘ಪೂರ್ತಿ’ ಮಾಡಿಬಿಟ್ಟಿದ್ದರು. ಅದನ್ನು ತೆಗೆದ ಮೇಲೆ ಕೆಳಗಿನ ಕೈಕೆಲಸ ಕಂಡಿತು, 2015ರ ಜನವರಿಯಲ್ಲಿ ನ್ಯೂಯಾರ್ಕಿನ ಸದಬೀಸ್‌ನಲ್ಲಿ ಕಾನ್‌ಸ್ಟಬಲ್‌ರದೇ ಎಂದು 52 ಲಕ್ಷ ಡಾಲರಿಗೆ ಮಾರಾಟವಾಯಿತು. ಆಗಲೂ ಕ್ರಿಸ್ಟೀಸ್ ಹೊಸ ಅಭಿಪ್ರಾಯಕ್ಕೆ ತಜ್ಞರ ಸ್ಪಷ್ಟ ಒಮ್ಮತವಿಲ್ಲ ಎಂದಿತು. ಇಲ್ಲಿ ಕೊಂಡವರ ಕೈಯಲ್ಲಿದ್ದದ್ದು ಬರೀ ಅದೃಷ್ಟವಲ್ಲ. ಮೇಲಿನ ಬಣ್ಣದಡಿ ಇನ್ನೊಂದು ಇದೆ ಎಂದು ನೋಡುವ ಕಣ್ಣು, ಅದನ್ನು ತೆಗೆಸುವ ಖರ್ಚು, ಕಾನ್‌ಸ್ಟಬಲ್ ಬಗ್ಗೆ ಮಾತಿಗೆ ತೂಕವಿರುವ ವಿದ್ವಾಂಸರ ಒಪ್ಪಿಗೆ, ಇಷ್ಟೂ ಬೇಕಾಯಿತು. ಏರಿಕೆ ಬಂದದ್ದು ‘ಫಾಲೋವರ್’ ಎಂಬ ಮೆಟ್ಟಿಲಿನಿಂದ ಎಂಬುದನ್ನೂ ನೋಡಿ. ಸಂಸ್ಥೆ ಗಮನ ಕೊಡದೆ ಕೆಳಗೆ ಇಟ್ಟ ಚಿತ್ರದಲ್ಲಿ ಅಂಥ ಅವಕಾಶ ಇರುತ್ತದೆ. ‘ಅಟ್ರಿಬ್ಯೂಟೆಡ್’ ಎಂದು ಮೆರವಣಿಗೆ ಮಾಡಿಸಿದ ಚಿತ್ರದಲ್ಲಿ ಆ ಆಸೆಯ ಬೆಲೆಯನ್ನು ಮೊದಲೇ ನಿಮ್ಮಿಂದ ವಸೂಲಿ ಮಾಡಿರುತ್ತಾರೆ.

ಮೈಸೂರಿಗೆ ತರುವ ಮಾತು. ರವಿವರ್ಮರು ಭಾರತ ಸರ್ಕಾರ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಡಿ ಗುರುತಿಸಿದ ಒಂಬತ್ತು ಕಲಾವಿದರಲ್ಲಿ ಒಬ್ಬರು. ಅಂಥವರ ಕೃತಿಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೂರು ವರ್ಷ ದಾಟಿದ ಚಿತ್ರ, ಯಾರದೇ ಆಗಿರಲಿ, ಪುರಾತನ ವಸ್ತುವಿನ ಲೆಕ್ಕಕ್ಕೂ ಬರುತ್ತದೆ. ಆದ್ದರಿಂದ ಮೊದಲನೆಯ ಚಿತ್ರದ ಬಗ್ಗೆ ಅಭಿಪ್ರಾಯ ಕೇಳುವುದು, ಶುಚಿಗೊಳಿಸುವುದು, ಬಣ್ಣ ಪರೀಕ್ಷೆ ಎಲ್ಲವನ್ನೂ ಅದು ಇಂಗ್ಲೆಂಡಿನಲ್ಲಿ ಇರುವಾಗಲೇ ಮುಗಿಸಿ. ಒಮ್ಮೆ ಮೈಸೂರಿನ ಗೋಡೆಗೆ ಹತ್ತಿದ ಮೇಲೆ ಅದನ್ನು ಲಂಡನ್ನಿನಲ್ಲಿ ಮಾರುವ ದಾರಿ ಸುಲಭವಾಗಿ ತೆರೆಯುವುದಿಲ್ಲ, ಕೊಳ್ಳುವವರು ಭಾರತದೊಳಗೇ ಸಿಗಬೇಕು. ಹರಾಜಿನ ಬಿಲ್, ಕ್ಯಾಟಲಾಗಿನ ಆ ಪುಟ, ಸಂಸ್ಥೆಯ ಇಮೇಲ್‌ಗಳು, ಸಾಗಾಟ ಮತ್ತು ಕಸ್ಟಮ್ಸ್ ಕಾಗದ, ಇವನ್ನು ಚಿತ್ರದ ಜತೆಗೇ ಇಟ್ಟುಕೊಳ್ಳಿ. ಮುಂದೆ ಮಾರುವಾಗ ಬಿಲ್ಲಿನಲ್ಲಿರುವ ‘ಅಟ್ರಿಬ್ಯೂಟೆಡ್ ಟು’ ಎಂಬ ಎರಡು ಪದಗಳನ್ನು ನೀವೂ ಬಿಡುವಂತಿಲ್ಲ.